ಬೆಳ್ಳಗೆ ಬಂದ ಅವ್ವ

ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ನಮ್ಮ ಕಸುಬಿನಲ್ಲಿ ಒಂದು ರೂಢಿ: ಯಾರ ಫೋಟೋ ಬಂದರೂ ಮೊದಲು ಮುಖದ ಬಣ್ಣ ತಿಳಿ ಮಾಡುವುದು. ಗಿರಾಕಿ ಕೇಳಬೇಕಂತಲೇ ಇಲ್ಲ. ನಾನಂತೂ ಕೈ ತಾನೇ ಹೋಗುವಷ್ಟು ಪಳಗಿದ್ದೆ. ನಾಚಿಕೆಗೇಡು, ಆದರೆ ಹೇಳಿಬಿಡುತ್ತೇನೆ.

ಒಂದು ಮಧ್ಯಾಹ್ನ ಹತ್ತಿ ಹೊಲದಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಬಂದಳು, ನನಗಿಂತ ಹತ್ತು-ಹದಿನೈದು ವರ್ಷ ದೊಡ್ಡವಳು. ಮಗಳ ಮದುವೆ ಗೊತ್ತಾಗಿತ್ತು. ಆ ದಿನ ಬುದ್ಧನ ಫೋಟೋದ ಪಕ್ಕ ತನ್ನ ಅವ್ವನ ಫೋಟೋ ಇಡಬೇಕೆಂಬ ಆಸೆ. ಆದರೆ ಅವ್ವ ತೀರಿಕೊಂಡು ಮೂವತ್ತು ವರ್ಷವಾಗಿತ್ತು, ಬದುಕಿದ್ದಾಗ ಒಂದೂ ಫೋಟೋ ತೆಗೆಸಿರಲಿಲ್ಲ.

"ಈಗ ಕಂಪ್ಯೂಟರ್ ತಾನ ಚಿತ್ರ ಬಿಡಸ್ತೈತಂತಲ್ರೀ ಅಕ್ಕಾರ?"

"ಬಿಡಸ್ತೈತಿ. ಚಿಂತಿ ಬ್ಯಾಡ ಅಕ್ಕಾ, ಚಂದ ಮಾಡಿ ಕೊಡ್ತೇನಿ," ಅಂದೆ.

ಚಿತ್ರ ಬಿಡಿಸುವ ಎಐಗೆ ಬರೆದದ್ದು ಇಷ್ಟೇ: ಸುಂದರವಾದ ಹಳ್ಳಿಯ ತಾಯಿ, ಭವ್ಯ, ಅದ್ಭುತ, ದೈವಿಕ ಕಳೆ. ಕ್ಷಣದಲ್ಲಿ ಚಿತ್ರ ಬಂತು. ಹಾಲಿನಂಥ ಬಣ್ಣ, ಸುಕ್ಕಿಲ್ಲದ ಕೆನ್ನೆ, ರೇಷ್ಮೆ ಸೀರೆ, ಕೊರಳ ತುಂಬ ಚಿನ್ನ, ಬೆನ್ನ ಹಿಂದೆ ಹೊಂಬೆಳಕು. ನನಗೋ ಭಾರೀ ಹೆಮ್ಮೆ. ಫ್ರೇಮ್ ಹಾಕಿ ಕೊಟ್ಟೆ. ಆಕೆ ಬಹಳ ಹೊತ್ತು ನೋಡಿ, "ಚಲೋ ಐತ್ರಿ," ಅಂದು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ವಾರದ ಮೇಲೆ ಮದುವೆ ಬ್ಯಾನರಿನ ಅಳತೆಗೆಂದು ಅವರ ಮನೆಗೆ ಹೋದೆ. ಬುದ್ಧನ ಫೋಟೋದ ಪಕ್ಕ ಮೊಳೆ ಹೊಡೆದಿತ್ತು, ಫೋಟೋ ಇರಲಿಲ್ಲ. ಅದು ಜೋಳದ ಡಬ್ಬಿಯ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತ್ತು.

"ಯಾಕ ಅಕ್ಕಾ, ಹಾಕಿಲ್ಲ?"

ಆಕೆ ತಲೆ ತಗ್ಗಿಸಿದಳು. "ಮಗಳು ಇದ್ಯಾರು ಅಂತ ಕೇಳಿದ್ಲರಿ. ನಿಮ್ಮಜ್ಜಿ ಅನ್ನಾಕ ನನಗ ಬಾಯೇ ಬರಲಿಲ್ಲ. ನಮ್ಮವ್ವ ಕರ್ರಗಿದ್ಲರಿ."

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆ ಅವ್ವ ಹೇಗಿದ್ದಳು ಅಂತ ನಾನು ಒಂದು ಮಾತೂ ಕೇಳಿರಲಿಲ್ಲ. ಕಂಪ್ಯೂಟರನ್ನು ಬೈದು ಏನು ಉಪಯೋಗ? ಜಗತ್ತಿನವರು ಯಾವ್ಯಾವುದಕ್ಕೆ ಸುಂದರ ಅಂತ ಹೆಸರಿಟ್ಟಿದ್ದಾರೋ ಆ ಲಕ್ಷಾಂತರ ಚಿತ್ರ ನೋಡಿ ಕಲಿತದ್ದು ಅದು. ಸುಂದರ ಅಂದರೆ ಅವುಗಳಲ್ಲಿ ಹೆಚ್ಚು ಕಂಡದ್ದನ್ನೇ ಕೊಡುತ್ತದೆ: ಬಿಳುಪು, ನುಣುಪು, ಒಡವೆ. ಭವ್ಯ ಅಂದರೆ ಹೊಂಬೆಳಕು. ಮೂಗು ಹೇಗೆ, ಕೈ ಎಲ್ಲಿ, ಬೆಳಕು ಯಾವ ಕಡೆಯಿಂದ, ಇದೇನೂ ಆ ಮಾತಿನಲ್ಲಿ ಇಲ್ಲ. ನಾನು ಬಿಟ್ಟದ್ದನ್ನೆಲ್ಲ ಅದು ತನ್ನ ರೂಢಿಯಿಂದ ತುಂಬಿತ್ತು. ನನ್ನ ರೂಢಿಯೂ ಅದೇ ಆಗಿತ್ತಲ್ಲ.

ಅಲ್ಲೇ ನೆಲದ ಮೇಲೆ ಕೂತು ಮೊಬೈಲಿನಲ್ಲಿ ಅದೇ ಎಐ ತೆಗೆದೆ. "ಹೇಳ್ರಿ. ಅವ್ವ ಹೆಂಗ ಕುಂದರ್ತಿದ್ಲು?"

ಮೊದಲು ತಡವರಿಸಿದಳು. ಆಮೇಲೆ ಮಾತು ನಿಲ್ಲಲೇ ಇಲ್ಲ. ಹೊಸ್ತಿಲ ಒಳಗೆ, ಬಲ ಮೊಣಕಾಲು ಮೇಲೆತ್ತಿ, ಅದರ ಮೇಲೆ ಕೈ. ಎಲೆ ಅಡಿಕೆ ತುಂಬಿ ಎಡಗೆನ್ನೆ ಉಬ್ಬಿದ್ದು. ಹಣೆಯಲ್ಲಿ ಹಸಿರು ಹಚ್ಚೆಯ ಬೊಟ್ಟು. ಕುಡುಗೋಲು ತಾಗಿ ಎಡ ಹುಬ್ಬು ನಡುವೆ ತುಂಡಾಗಿದ್ದು. ತಲೆ ಮೇಲೆ ಮಾಸಿದ ಹಸಿರು ನೂಲಿನ ಸೆರಗು.

ಹಾಗೇ ಬರೆದೆ. ಕಪ್ಪು ಮೈಬಣ್ಣ, ಐವತ್ತೈದು ವಯಸ್ಸು, ಒಣಕಲು ಮೈ, ಬಾಗಿಲಿನಿಂದ ಒಂದೇ ಕೆನ್ನೆಗೆ ಬೀಳುವ ಬೆಳಕು, ಹಿಂದೆ ಮಣ್ಣಿನ ಗೋಡೆ, ಕೂತವರ ಕಣ್ಣಿನ ಮಟ್ಟದಿಂದ ತೆಗೆದ ಸಾದಾ ಫೋಟೋ. ಮೊದಲ ಸಲ ಕೊರಳಲ್ಲಿ ಮತ್ತೆ ಚಿನ್ನ ಬಂತು. ಚಿನ್ನ ಬೇಡ ಅಂತ ಬರೆದರೆ ಇನ್ನೊಂದು ಸರ ಹಾಕಿತು, ಬೇಡ ಅನ್ನಲು ಅದರ ಹೆಸರೆತ್ತಿದ್ದೇ ತಪ್ಪಾಯಿತು. ಅದನ್ನು ಅಳಿಸಿ, ಕೊರಳಲ್ಲಿ ಏನಿತ್ತು ಅಂತ ಆಕೆಯನ್ನೇ ಕೇಳಿ, ಕರಿಮಣಿಯ ಒಂದೆಳೆ ದಾರ ಮಾತ್ರ ಅಂತ ಬರೆದೆ. ಆಗ ಸರಿಯಾಯಿತು. ಸುಂದರ ಅನ್ನುವ ಮಾತನ್ನು ಎಲ್ಲೂ ಬರೆಯಲಿಲ್ಲ.

ಮೊಬೈಲ್ ಅವಳ ಕೈಗೆ ಕೊಟ್ಟೆ. ಉಬ್ಬಿದ ಕೆನ್ನೆಯ ಮೇಲೆ ಬೆರಳಿಟ್ಟಳು.

"ಮೂಗು ನಮ್ಮವ್ವಂದಲ್ಲರಿ. ಆದ್ರ ಕುಂತಾಕಿ ಅವ್ವಾನ."

ನನ್ನ ನಾಚಿಕೆಗೆ ಸಿಟ್ಟು ಬಂತೋ ಏನೋ, ದಬಾಯಿಸಿಯೇ ಕೇಳಿದೆ: "ಇಷ್ಟೆಲ್ಲ ಅವತ್ತ ಹೇಳಾಕ ಏನಾಗಿತ್ತು?"

ಆಕೆ ಚಿತ್ರದಿಂದ ಕಣ್ಣು ಎತ್ತಲಿಲ್ಲ. "ನೀವು ಚಂದ ಮಾಡ್ತೇನಿ ಅಂದ್ರಲ್ರೀ. ಹಂಗಾರ ನಮ್ಮವ್ವ ಇದ್ದಂಗ ಇದ್ರ ಚಂದ ಅಲ್ಲೇನೋ ಅಂತ ಸುಮ್ಮನಾದೆ."