ನಡುವೆ ನಿಂತ ಗೆರೆ

ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆ ಅವಳದು. ಕೆಳಗಿನ ಬೀಗದವನು ಅವಳನ್ನು ವೆಬ್ಬಕ್ಕ ಎಂದು ಕರೆದ, ಬೀದಿಯವರೂ ಅದನ್ನೇ ಹಿಡಿದುಕೊಂಡರು. ಕೋಣೆಯಲ್ಲಿ ಎರಡು ಮೇಜು, ಎರಡು ಕಂಪ್ಯೂಟರು. ಒಂದರ ಮುಂದಿನ ಕುರ್ಚಿ ಖಾಲಿ.

ಅವಳು ಓದಿದ್ದು ಕಡಿಮೆ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಲು ಕೂತಳು. ಅಲ್ಲಿ ಮದುವೆ ಕಾರ್ಡುಗಳಿಗೆ ಚಿತ್ರ ಬರೆಯುತ್ತಿದ್ದವನನ್ನೇ ಕಟ್ಟಿಕೊಂಡಳು. ಆಮೇಲೆ ಇಬ್ಬರೂ ಈ ಕೋಣೆ ಹಿಡಿದರು. ಅವನು ಕಾಗದದ ಮೇಲೆ ಲೋಗೋ ಬರೆಯುವುದು, ಇವಳು ಅದನ್ನು ವೆಬ್ ಪುಟಕ್ಕೆ ಏರಿಸುವುದು. ಕೋಡನ್ನು ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಬೇರೆಯವರ ಪುಟ ಬಿಚ್ಚಿ ನೋಡಿ, ಕೆಡಿಸಿ, ಸರಿಮಾಡಿ ಕಲಿತಳು.

ಅವನಿಗೊಂದು ಆಟವಿತ್ತು. ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಚಿತ್ರ ಬರೆಯುವನು. ಅರ್ಧ ದಾರಿಯಲ್ಲಿ ಕೈ ನಿಲ್ಲಿಸಿ ತಲೆ ಎತ್ತಿ ಅವಳನ್ನು ನೋಡುವನು. "ಏನಿದು ಹೇಳಿ ಮೇಡಂ?" ಎನ್ನುವನು. ಗೊತ್ತಾದರೂ ಅವಳು ತಪ್ಪೇ ಹೇಳುವಳು. ಕುದುರೆಗೆ ಸೌಟು ಎಂದಿದ್ದಳು, ಹಡಗಿಗೆ ಚಪ್ಪಲಿ ಎಂದಿದ್ದಳು. "ನಿನ್ನ ತಲೆ" ಎಂದು ಅವನು ಉಳಿದದ್ದನ್ನು ಮುಗಿಸುವನು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಆಟ ಅವರಿಗೆ ಬೇಸರ ತಂದಿರಲಿಲ್ಲ.

ಜ್ವರ ಎಂದು ಮಲಗಿದ. ಆಸ್ಪತ್ರೆಗೆ ಹೋದ. ವಾಪಸ್ಸು ಬರಲಿಲ್ಲ.

ಸ್ವಲ್ಪ ದಿನ ಬಿಟ್ಟು ನಾಯಿ ಡಾಕ್ಟರಮ್ಮ ಫೋನು ಮಾಡಿದರು. ಅವರ ಕ್ಲಿನಿಕ್ಕಿಗೆಂದು ಅವನು ಮಲಗಿದ ನಾಯಿಯ ಲೋಗೋ ಬರೆದಿದ್ದ. ಪುಟ ತೆರೆದ ಕೂಡಲೇ ಆ ನಾಯಿ ತಾನಾಗಿ ಬರೆದುಕೊಳ್ಳಬೇಕು, ಹಾಗೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದ. ಕೇಳೋದಕ್ಕೆ ಸಂಕೋಚ ಆಗುತ್ತದೆ ಎಂದರು ಡಾಕ್ಟರಮ್ಮ. ಅವಳು ಮಾಡುತ್ತೇನೆ ಎಂದಳು. ಅದು ಅವನ ಕೊನೆಯ ಕೆಲಸ. ಬೇರೆ ಯಾರ ಕೈಗೂ ಹೋಗಬಾರದು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

ಅದನ್ನು ಅವನು ಬರೆದ ದಿನ ಅವಳು ಬ್ಯಾಂಕಿಗೆ ಹೋಗಿದ್ದಳು. ಅದೊಂದನ್ನು ಬರೆಯುವಾಗ ಮಾತ್ರ ನೋಡಿರಲಿಲ್ಲ.

ಫೈಲು ತೆರೆದು ಎಂದಿನಂತೆ ಕೋಡು ಹಾಕಿದಳು. ಈ ಕೆಲಸದ ಗುಟ್ಟು ದೊಡ್ಡದೇನಲ್ಲ. ಕಂಪ್ಯೂಟರಿಗೆ ಗೆರೆಯನ್ನು ತುಂಡು ತುಂಡಾಗಿ ಬರೆಯಲು ಹೇಳಬಹುದು, ಒಂದು ತುಂಡು ಗೆರೆ, ಒಂದು ತುಂಡು ಖಾಲಿ. ತುಂಡನ್ನೂ ಖಾಲಿಯನ್ನೂ ಇಡೀ ಗೆರೆಯಷ್ಟೇ ಉದ್ದ ಮಾಡಿ, ಅಷ್ಟೇ ಉದ್ದಕ್ಕೆ ಹಿಂದೆ ಸರಿಸಿಟ್ಟರೆ ಕಣ್ಣಿಗೆ ಬೀಳುವುದು ಬರೀ ಖಾಲಿ. ಆ ಸರಿಸಿದ್ದನ್ನು ಮೆಲ್ಲಗೆ ಸೊನ್ನೆಗೆ ತಂದರೆ ಗೆರೆ ತಾನೇ ಹರಿದು ಬಂದಂತೆ ಕಾಣುತ್ತದೆ.

ಗೆರೆ ಬಂತು, ಆದರೆ ನಾಯಿಯ ಹಾಗೆ ಬರಲಿಲ್ಲ. ದಪ್ಪ ಗೆರೆಯ ಒಂದು ಅಂಚಿನಗುಂಟ ಹೋಗಿ ಇನ್ನೊಂದು ಅಂಚಿನಗುಂಟ ವಾಪಸ್ಸು ಬಂತು, ಗದ್ದೆಯ ಬದುವಿನ ಮೇಲೆ ಇರುವೆ ಸುತ್ತಿದ ಹಾಗೆ. ಅವನು ಫೈಲು ಉಳಿಸುವಾಗ ಗೆರೆಯನ್ನು ಬಣ್ಣ ತುಂಬಿದ ಆಕಾರ ಮಾಡಿಬಿಟ್ಟಿದ್ದ. ಅಚ್ಚಿಗೆ ಅದು ಸರಿ, ಈ ಕೆಲಸಕ್ಕೆ ಆಗದು. ಆ ದಪ್ಪ ಗೆರೆಯ ನಡುಮಧ್ಯದಗುಂಟ ಅವಳೇ ಹೊಸ ಗೆರೆ ಎಳೆಯಬೇಕಿತ್ತು.

ಅಲ್ಲಿ ಕೈ ನಿಂತಿತು. ಹೊಸ ಗೆರೆ ಎಲ್ಲಿಂದ ಶುರುವಾಗುತ್ತದೋ ನಾಯಿ ಅಲ್ಲಿಂದಲೇ ಮೂಡುತ್ತದೆ. ಸುತ್ತಿಕೊಂಡು ಮಲಗಿದ ನಾಯಿ ಅದು, ಗೆರೆಯ ಒಂದು ತುದಿ ಮೂಗು, ಇನ್ನೊಂದು ಬಾಲ. ಅವನು ಯಾವ ತುದಿಯಿಂದ ಬರೆದಿದ್ದ?

ಅತ್ತೆ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮೇಲೆ ಬರುತ್ತಿದ್ದರು. ಮನೆಯಲ್ಲಿ ಒಬ್ಬರೇ ಕೂರಲಾರರು, ಮಗನ ಕುರ್ಚಿಯಲ್ಲೂ ಕೂರಲಾರರು. ಮೆಟ್ಟಿಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವರು. ಅವಳು ಅವರನ್ನು ಕೇಳಿದಳು.

"ಬಾಲದಿಂದ" ಎಂದರು ಅತ್ತೆ, ಪರದೆಯತ್ತ ನೋಡದೆಯೇ. "ಚಿಕ್ಕೋನಿದ್ದಾಗ ಬಾಗಿಲ ಹಿಂದೆ ಪೂರ್ತಿ ಸೀಮೆಸುಣ್ಣದಲ್ಲಿ ನಾಯಿ, ಬೆಕ್ಕು ಗೀಚಿಟ್ಟಿದ್ದ. ಎಲ್ಲಾ ಬಾಲದಿಂದಾನೇ. ಮುಖ ಮೊದಲು ಬರೆದ್ರೆ ಎಲ್ರಿಗೂ ಗೊತ್ತಾಗಿಬಿಡುತ್ತಂತೆ."

ಅವಳು ಬಾಲದ ತುದಿಯಲ್ಲಿ ಮೊದಲ ಚುಕ್ಕಿ ಇಟ್ಟಳು. ಬೆನ್ನು, ಕುತ್ತಿಗೆ, ಕಿವಿ, ಮೂಗು. ಗೆರೆ ಎಳೆದು ಉದ್ದ ಅಳೆದು ಕೋಡಿಗೆ ಹಾಕಿದಳು. ಈ ಸಲ ನಾಯಿ ಸರಿಯಾಗಿ ಮೂಡಿತು. ಮೂಗು ಮುಗಿದ ಕ್ಷಣವೇ ಮಾಯವಾಯಿತು.

ಪರದೆ ಬೆಳ್ಳಗಾದದ್ದನ್ನು ಅತ್ತೆ ನೋಡಿಬಿಟ್ಟರು. ಮುಖ ಆಚೆ ತಿರುಗಿಸಿದರು. ಅವಳಿಗೆ ಕಾರಣ ಗೊತ್ತಿತ್ತು. ಓಟ ಮುಗಿದ ಮೇಲೆ ಕೊನೆಯ ಸ್ಥಿತಿಯಲ್ಲೇ ಇರು ಎಂದು ಹೇಳದಿದ್ದರೆ ಗೆರೆ ಮೊದಲಿನ ಜಾಗಕ್ಕೆ, ಅಂದರೆ ಖಾಲಿಗೆ, ಹಿಂತಿರುಗುತ್ತದೆ. ಒಂದು ಪದ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದಳು. ನಾಯಿ ಉಳಿಯಿತು.

ಎಲ್ಲ ಸರಿಯಿತ್ತು, ಆದರೂ ಅವನಂತಿರಲಿಲ್ಲ. ಗೆರೆ ನಲ್ಲಿ ನೀರಿನಂತೆ ಒಂದೇ ಸಮ ಹೋಗುತ್ತಿತ್ತು. ಬಹಳ ಹೊತ್ತು ನೋಡಿದ ಮೇಲೆ ಅವಳಿಗೆ ಹೊಳೆಯಿತು. ಅದು ನಡುವೆ ನಿಲ್ಲುತ್ತಿರಲಿಲ್ಲ. ತಲೆ ಎತ್ತಿ ಅವಳನ್ನು ನೋಡುತ್ತಿರಲಿಲ್ಲ.

ಕೋಡಿನಲ್ಲಿ ನಡುವೆ ಎರಡು ಸಾಲು ಸೇರಿಸಿದಳು. ಬೆನ್ನು ಮುಗಿಯುವಲ್ಲಿಗೆ ಬಂದಾಗ ಗೆರೆ ಎಷ್ಟು ಸರಿದಿದೆಯೋ, ಸ್ವಲ್ಪ ಹೊತ್ತು ಅಷ್ಟರಲ್ಲೇ ಇರಬೇಕು, ಆಮೇಲೆ ಮುಂದೆ ಹೋಗಬೇಕು. ಅಲ್ಲಿಯವರೆಗೆ ಅದು ನಾಯಿಯೂ ಆಗಬಹುದು, ಗುಡ್ಡವೂ ಆಗಬಹುದು, ಬಗ್ಗಿ ಕೂತ ಮುದುಕಿಯೂ ಆಗಬಹುದು.

ಪುಟ ತೆರೆದಳು. ಬಾಲ ಬಂತು, ಬೆನ್ನು ಬಂತು. ಗೆರೆ ನಿಂತಿತು.

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಸ್ಟೂಲಿನಿಂದ ಅತ್ತೆ ಎದ್ದು ಬಂದು ಹಿಂದೆ ನಿಂತರು. ಆ ಮಧ್ಯಾಹ್ನ ಇಬ್ಬರೂ ಅದನ್ನು ಮತ್ತೆ ಮತ್ತೆ ತೆರೆದು ನೋಡಿದರು. ಡಬ್ಬಿಯ ಊಟ ಆರಿಹೋಯಿತು.

ಮರುದಿನ ಡಾಕ್ಟರಮ್ಮನಿಗೆ ಕಳಿಸಿದಳು. ಸಂಜೆಯೊಳಗೆ ಫೋನು ಬಂತು, ಸ್ಪೀಕರಿಗೆ ಹಾಕಿದಳು. ತುಂಬ ಚೆನ್ನಾಗಿದೆ ಎಂದರು, ಕ್ಲಿನಿಕ್ಕಿನ ಹುಡುಗಿಯರಿಗೆಲ್ಲ ತೋರಿಸಿದೆ ಎಂದರು. ಆಮೇಲೆ ಹೇಳಿದರು.

"ಒಂದೇ ಒಂದು ತೊಂದರೆ ಕಣಮ್ಮ. ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಎಲ್ರೂ ನೆಟ್ ಹೋಯ್ತು ಅಂದ್ಕೊಂಡು ಪುಟ ಮುಚ್ತಿದಾರೆ. ಅದೊಂದು ಸರಿಮಾಡ್ತೀಯಾ?"

ಗೆರೆ ಯಾಕೆ ನಿಲ್ಲುತ್ತದೆಂದು ಹೇಳಬಹುದಿತ್ತು. ಡಾಕ್ಟರಮ್ಮ ಒಳ್ಳೆಯವರು, ಹೇಳಿದ್ದರೆ ಅತ್ತು ಬಿಡುತ್ತಿದ್ದರು, ಹಾಗೇ ಇರಲಿ ಎನ್ನುತ್ತಿದ್ದರು. ಆದರೆ ಬರುವ ಗಿರಾಕಿಗಳಿಗೆಲ್ಲ ಅವರು ಅದನ್ನು ವಿವರಿಸುತ್ತ ಕೂರಲಾದೀತೇ? ಕಾಯಿಲೆ ನಾಯಿಯನ್ನು ತೋಳಲ್ಲಿಟ್ಟುಕೊಂಡು ಪುಟ ತೆರೆದವನಿಗೆ ಬೇಕಾದ್ದು ಕ್ಲಿನಿಕ್ಕಿನ ಫೋನು ನಂಬರು. ಅವಳ ಗಂಡ ಅಲ್ಲ.

"ಸರಿಮಾಡ್ತೀನಿ ಮೇಡಂ" ಎಂದಳು.

ಅತ್ತೆ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದರು. "ತೆಗೀಬೇಡ ಕಣೇ" ಎಂದರು. "ನಾಯಿ ಅವರ್ದಿರಬಹುದು, ಬರೆದೋನು ನನ್ನ ಮಗ."

"ಪುಟ ಅವರ್ದು ಅತ್ತೆ."

"ಅವನಿದ್ದಿದ್ರೆ ಜಗಳ ಆಡ್ತಿದ್ದ."

"ಇಲ್ಲ. ನಿಮ್ಮ ಮಗ ಇದ್ದಿದ್ರೆ ನನಗೆ ಹೇಳದೇನೇ ತೆಗೀತಿದ್ರು. ಗಿರಾಕಿ ಬೇಡ ಅಂದ್ಮೇಲೆ ಒಂದು ದಿನಾನೂ ಇಟ್ಕೋತಿರಲಿಲ್ಲ."

ಅದು ನಿಜವೆಂದು ಅತ್ತೆಗೂ ಗೊತ್ತಿತ್ತು. ಡಬ್ಬಿ ಎತ್ತಿಕೊಂಡು ಕೆಳಗಿಳಿದರು. ಕಣ್ಣೆದುರು ತೆಗೆಯುವುದನ್ನು ನೋಡಲು ಅವರು ನಿಲ್ಲಲಿಲ್ಲ.

ಅವಳು ಆ ಎರಡು ಸಾಲು ಅಳಿಸಿದಳು. ಅಳಿಸಲು ಹೊತ್ತು ಬೇಕಾಗಲಿಲ್ಲ. ಸರಿಯಾಗಿದೆಯೇ ಎಂದು ಒಮ್ಮೆ ನೋಡಲೇಬೇಕಿತ್ತು, ನೋಡಿದಳು. ಗೆರೆ ಬೆನ್ನು ದಾಟಿ, ಕುತ್ತಿಗೆ ದಾಟಿ, ಮೂಗು ಮುಗಿಸಿತು. ಎಲ್ಲಿಯೂ ತಡೆಯಲಿಲ್ಲ, ಯಾರಿಗೂ ಕಾಯಲಿಲ್ಲ. ಕಳಿಸಿಬಿಟ್ಟಳು.

ಆ ಪುಟ ಈಗಲೂ ಇದೆ. ನಾಯಿ ಬಾಲದಿಂದಲೇ ಶುರುವಾಗುತ್ತದೆ, ಅದನ್ನು ಬೇಡವೆಂದು ಯಾರೂ ಹೇಳಲಿಲ್ಲ. ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ, ಲೋಗೋ ಬರೆದವರು ಯಾರು ಎಂದು ಕೇಳಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಈಗ ಲೋಗೋ ಬರೆಯುವುದಿಲ್ಲ, ಪುಟ ಮಾತ್ರ ಮಾಡುತ್ತೇನೆ ಎಂದು ಅವಳು ಹೇಳಿ ಕಳಿಸುತ್ತಾಳೆ.