ಶ್ರೀಪತಿಯವರು ಬರೆದುಕೊಡುವ ಶ್ರದ್ಧಾಂಜಲಿ

ಹೊಸಪೇಟೆಯ ಡಿಟಿಪಿ ಅಂಗಡಿಯ ಶ್ರೀಪತಿಯವರನ್ನು ನೀವು ನೋಡಬೇಕು. ಲಗ್ನಪತ್ರಿಕೆಗೆ ಬಂದವರನ್ನು ನಿಲ್ಲಿಸಿಯೇ ಮಾತಾಡಿಸುವ ಈ ಮನುಷ್ಯ, ಶ್ರದ್ಧಾಂಜಲಿ ಕಾರ್ಡಿಗೆ ಬಂದವರಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತಾರೆ. ವೈಷ್ಣವರಿಗೆ ‘ವೈಕುಂಠವಾಸಿ’, ಶೈವರಿಗೆ ‘ಶಿವೈಕ್ಯ’. ‘ಸಾವು’ ಎಂಬ ಪದವನ್ನು ಅವರ ಕೀಬೋರ್ಡು ಕಂಡೇ ಇಲ್ಲ ಎನ್ನುತ್ತಾರೆ ಜನ. ಬರೆದದ್ದನ್ನು ಆ ಮನೆಯ ಹಿರಿಯ ಹೆಂಗಸಿಗೆ ಓದಿ ಹೇಳದೆ ಅಚ್ಚಿಗೆ ಕೊಡುವುದಿಲ್ಲ. ಮೊನ್ನೆ ಕಂಪ್ಲಿಯ ಮನೋಹರ್, ತೀರಿಹೋದ ಹೆಂಡತಿ ತ್ರಿವೇಣಿಯ ಫೋಟೊದ ಕೆಳಗೆ ಹಾಕಲು ಇಂಗ್ಲಿಷಿನಲ್ಲಿ ಒಂದು ಸಾಲು ತಂದಿದ್ದ. ಕನ್ನಡದಲ್ಲಿ ಅದರ ಅರ್ಥ: ನಿನ್ನ ಮೇಲಿನ ನನ್ನ ಪ್ರೀತಿ ಎಂದೂ ಸಾಯದು. “ಹಿಂಗ ಕನ್ನಡಕ್ಕ ಇಳಿಸಿದ್ರ ಸಿನಿಮಾ ಪೋಸ್ಟರ್ ಆಗ್ತದ ತಮ್ಮಾ, ಸಾಯೋ ಮಾತೂ ಬರ್ತದ. ಪ್ರೀತಿ ಮುಗಿಯಂಗಿಲ್ಲ ಅನ್ನಲಿಕ್ಕೆ ನಮ್ಮಲ್ಲಿ ಜನ್ಮದ ಮಾತದ,” ಎಂದ ಶ್ರೀಪತಿ, ‘ಜನ್ಮಜನ್ಮಕ್ಕೂ ನೀನೇ ನನ್ನ ಮಡದಿ’ ಎಂದು ಬರೆದು, ಜೊತೆಗೆ ಬಂದಿದ್ದ ತ್ರಿವೇಣಿಯ ತಾಯಿ ಮುದುಕಮ್ಮನಿಗೆ ಓದಿದರು. ಮುದುಕಮ್ಮ ಅಳಲಿಲ್ಲ, ಅಳಿಯನತ್ತ ತಿರುಗಿದಳು. “ಮುಂದಿನ ಜನ್ಮದಾಗೂ ನನ್ನ ಮಗಳು ನಿಮ್ಮ ಮನಿಗೆ ನೀರು ಹೊರಬೇಕೇನಪಾ? ಆವಾಗಾದ್ರೂ ಆರಾಮಿರ್ಲಿ ಬಿಡ್ರಿ!” ಮನೋಹರ್ ತಲೆ ತಗ್ಗಿಸಿ, “ಇಲ್ಲ ಅತ್ತಿ, ನಾ ಹೊರ್ತೀನಿ. ಆಕಿ ಕಟ್ಟಿ ಮ್ಯಾಲ ಕುಂದ್ರಲಿ,” ಎಂದ. ಇಪ್ಪತ್ತು ವರ್ಷ ಗ್ರಂಥದ ಕನ್ನಡ ಬಿಟ್ಟು ಬೇರೇನೂ ಅಚ್ಚು ಹಾಕಿಸದ ಶ್ರೀಪತಿ ತಮ್ಮ ಸಾಲನ್ನು ಅಳಿಸಿ, ಮನೋಹರನ ಆಡುಮಾತನ್ನು ಗ್ರಂಥಕ್ಕೆ ತಿರುಗಿಸದೆ, ತ್ರಿವೇಣಿಗೇ ಹೇಳಿದ ಹಾಗೆ ಟೈಪ್ ಮಾಡಿ ಓದಿದರು: ‘ತ್ರಿವೇಣಿ, ಮುಂದಿನ ಜನ್ಮದಾಗ ನೀರು ನಾ ಹೊರ್ತೀನಿ. ನೀ ಕಟ್ಟಿ ಮ್ಯಾಲ ಕುಂದ್ರು.’ ಮುದುಕಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. “ದೊಡ್ಡ ಅಕ್ಷರದಾಗ ಹಾಕ್ರಿ,” ಎಂದಳು, ಓದಲು ಬಾರದ ಆಕೆ.