ಮೂರು ಎಂಬತ್ತೈದರ ಅತ್ತಿಗೆ

ಅತ್ತಿಗೆಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ, ಲೆಕ್ಕ ಜಾಸ್ತಿಯಾಗುತ್ತದೆ. ಇದು ಮೈದುನನಿಗೆ ಚೆನ್ನಾಗಿ ಗೊತ್ತು. ಅಣ್ಣ ತೀರಿಕೊಂಡ ಮೇಲೆ ಕೈಗವಸಿನ ಕಾರ್ಖಾನೆಯ ಭಾರ ಹೊತ್ತವಳು ಆಕೆ. ಬ್ಯಾಂಕು, ಬಿಲ್ಲು, ಹಡಗಿನ ಕಾಗದಪತ್ರ ಇವನ ಪಾಲು. ಹೊಲಿದದ್ದೆಲ್ಲ ಹೊರದೇಶದ ವೆಲ್ಡರುಗಳ ಕೈಗೆ ಹೋಗುತ್ತದೆ, ಜೋಡಿಗೆ ನಾಲ್ಕು ಡಾಲರಿನಂತೆ.

ಆ ವರ್ಷ ದೊಡ್ಡ ಗಿರಾಕಿ ಅರ್ಧ ಆರ್ಡರು ಕಿತ್ತುಕೊಂಡ. ಬೇರೆ ದೇಶದವನೊಬ್ಬ ಮೂರು ತೊಂಬತ್ತಕ್ಕೆ ಕೊಡುತ್ತಾನಂತೆ. ನಾಲ್ಕಕ್ಕಿಂತ ಇಳಿದರೆ ಇವರು ಕೈಯಿಂದ ಹಾಕಬೇಕು. ಎರಡನೆಯ ಸಾಲಿನ ಮಷೀನುಗಳ ಹೊಲಿಗೆಯವರನ್ನೆಲ್ಲ ಮನೆಗೆ ಕಳಿಸಬೇಕಾಯಿತು. "ಮಷೀನು ಮಾರಲ್ಲ. ಆರ್ಡರ್ ಬಂದ ದಿನ ನಾನೇ ಬಂದು ಕರೀತೀನಿ" ಎಂದು ಅತ್ತಿಗೆ ಅವರ ಮುಂದೆ ಹೇಳಿಬಿಟ್ಟಳು. ಮೈದುನನಿಗೆ ಒಳಗೊಳಗೇ ಉರಿಯಿತು. ಮಷೀನುಗಳಿಗೆ ಗಿರಾಕಿಯನ್ನು ಆಗಲೇ ನೋಡಿಟ್ಟಿದ್ದ ಮಹಾರಾಯ ಅವನು.

ಅಷ್ಟರಲ್ಲಿ ದೇಶದ ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿತು. ಇಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಇಷ್ಟೊಂದು ಇಳಿಸುತ್ತಾರೆಂದು ಯಾರೂ ಎಣಿಸಿರಲಿಲ್ಲ. ಡಾಲರು ಏರತೊಡಗಿತು. ಮೈದುನ ಬ್ಯಾಂಕಿನ ವಿದೇಶಿ ವಿನಿಮಯದ ಅಧಿಕಾರಿಗೆ ಫೋನು ಮಾಡಿದ.

"ಬಡ್ಡಿ ಚೆನ್ನಾಗಿ ಸಿಗುತ್ತೆ ಅಂತ ಹೊರಗಿನವರು ಇಲ್ಲಿ ಹಣ ಇಟ್ಟಿದ್ರು. ಈಗ ನಮ್ಮ ಹಣ ಮಾರಿ, ಡಾಲರ್ ತಗೊಂಡು ಬೇರೆ ಕಡೆ ಹೊರಟಿದ್ದಾರೆ. ಎಲ್ಲರೂ ಮಾರೋಕೆ ನಿಂತರೆ ಅದರ ಬೆಲೆ ಬೀಳದೆ ಇನ್ನೇನಾಗುತ್ತೆ?" ಎಂದರು ಅವರು.

ಕೆಲವೇ ವಾರಗಳಲ್ಲಿ ಡಾಲರಿನ ಬೆಲೆ ಹತ್ತಕ್ಕೆ ಒಂದರಷ್ಟು ಏರಿತು. ಮೈದುನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅತ್ತಿಗೆ, ನಾಲ್ಕು ಡಾಲರ್ ಹಾಗೇ ಇರಲಿ. ಕೂತಲ್ಲೇ ಲಾಭ."

"ಯಾರಿಗೆ ಮಾರಿ ಲಾಭ? ಗಿರಾಕಿ ಅರ್ಧ ಆರ್ಡರ್ ಆಗಲೇ ಆ ಕಡೆಯವನಿಗೆ ಕೊಟ್ಟಿದ್ದಾನೆ. ಅವನ ಲೆಕ್ಕ ಡಾಲರಲ್ಲಿ. ನಾವು ಇಳಿಸದೆ ಅವನಿಗೇನು ಅಗ್ಗ ಆಯ್ತು?"

ಸರಿ, ಆಗ ಅವನ ಬುದ್ಧಿ ಇನ್ನೊಂದು ತುದಿಗೆ ಹಾರಿತು. ಡಾಲರು ಹತ್ತರಲ್ಲೊಂದು ಪಾಲು ಏರಿದರೆ ಬೆಲೆಯನ್ನೂ ಅಷ್ಟೇ ಇಳಿಸಬಹುದಲ್ಲ ಎಂದು, ಗಿರಾಕಿಗೆ ಮೂರು ಅರವತ್ತೈದರ ಇಮೇಲು ಬರೆದು, ಕಳಿಸುವ ಮುಂಚೆ ಅತ್ತಿಗೆಗೆ ಹೆಮ್ಮೆಯಿಂದ ತೋರಿಸಿದ. ಆಕೆ ಕತ್ತರಿಸುವ ಮೇಜಿನಿಂದ ಒಂದು ತುಂಡು ಚರ್ಮ ತಂದು ಅವನ ಮುಂದೆ ಇಟ್ಟಳು.

"ಇದು ಎಲ್ಲಿಂದ ಬರುತ್ತಪ್ಪಾ?"

ಮೈದುನ ಪೆಚ್ಚಾದ. ಚರ್ಮ ಬರುವುದು ಹೊರದೇಶದಿಂದ, ಜೋಡಿಗೆ ಎರಡು ಡಾಲರಿನಷ್ಟು. ಡಾಲರು ಏರಿದರೆ ಅದೂ ಏರುತ್ತದೆ. ಡಾಲರಿನ ಲೆಕ್ಕದಲ್ಲಿ ಅಗ್ಗವಾದದ್ದು ಇಲ್ಲಿನ ಕೂಲಿ, ಬಾಡಿಗೆ, ಕರೆಂಟು ಮಾತ್ರ. ವರ್ಷಗಟ್ಟಲೆ ಆ ಬಿಲ್ಲು ಕಟ್ಟಿದವನೇ ಅದನ್ನು ಮರೆತು ಕೂತಿದ್ದ.

ಅತ್ತಿಗೆ ಹಾಕಿದ ಬೆಲೆ ಮೂರು ಎಂಬತ್ತೈದು. ಎದುರಾಳಿಗಿಂತ ಕಡಿಮೆ, ಆದರೂ ಕೈ ಸುಡುವುದಿಲ್ಲ. ಇಂಥ ಹೆಂಗಸನ್ನು ಮನೆಗೆ ತಂದದ್ದೇ ಅಣ್ಣನ ಜೀವಮಾನದ ದೊಡ್ಡ ವ್ಯವಹಾರ ಎಂದು ಮೈದುನನಿಗೆ ಅನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ, ಬಿಡಿ.

ಆರ್ಡರು ಮಾತ್ರ ಓಡಿ ಬರಲಿಲ್ಲ. ಗಿರಾಕಿ ಆ ಋತುವಿನ ಖರೀದಿಯನ್ನು ಆಗಲೇ ಮುಗಿಸಿದ್ದ. ಮೊದಲು ಬಂದದ್ದು ಏರಿದ ದರದ ಚರ್ಮದ ಬಿಲ್ಲು. ಇದ್ದ ಆರ್ಡರಿನ ಡಾಲರುಗಳನ್ನೋ, ಹಳೆಯ ದರಕ್ಕೇ ಮಾರುವುದಾಗಿ ಬ್ಯಾಂಕಿನ ಜೊತೆ ಮೊದಲೇ ಒಪ್ಪಂದವಾಗಿತ್ತು. ಆ ತಿಂಗಳುಗಳು ಹೈರಾಣ ಮಾಡಿದವು. "ಮಷೀನು ಮಾರಿಬಿಡೋಣ ಅತ್ತಿಗೆ" ಎಂದು ಮೈದುನ ಮತ್ತೆ ರಾಗ ತೆಗೆದ. ಆಕೆ ಹೊಲಿಗೆ ಪರೀಕ್ಷಿಸುತ್ತಲೇ ಇದ್ದಳು. ಆಕೆ ತನ್ನ ಎರಡು ಚಿನ್ನದ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟದ್ದು ಅವನಿಗೆ ಆಮೇಲೆ ತಿಳಿಯಿತು.

ಮುಂದಿನ ಋತುವಿಗೆ ಗಿರಾಕಿ ಮಾದರಿಗೆಂದು ಸ್ವಲ್ಪ ತರಿಸಿಕೊಂಡ. ಅದಾದ ಮೇಲೆ ಬಂದದ್ದು ಹಿಂದೆಂದೂ ಕಾಣದಷ್ಟು ದೊಡ್ಡ ಆರ್ಡರು. ಒಂದು ಸಾಲಿನಿಂದ ಮುಗಿಯುವ ಮಾತೇ ಅಲ್ಲ.

ಅವತ್ತು ಸಂಜೆಯೇ ಅತ್ತಿಗೆ ಮೈದುನನನ್ನು ಕರೆದುಕೊಂಡು ಹೊರಟಳು. ಮೊದಲ ಮನೆ ಹಿರಿಯ ಹೊಲಿಗೆಯಾಕೆಯದು. ಕಿರಿದಾದ ಮೆಟ್ಟಿಲು, ಬಾಗಿಲಲ್ಲಿ ಒಣಹಾಕಿದ ಬಟ್ಟೆ, ಒಳಗೆ ರಾಶಿ ರಾಶಿ ಪರದೆಗಳು. ದಿನಗೂಲಿಗೆ ಅವುಗಳ ಅಂಚು ಹೊಲಿಯುತ್ತಿದ್ದಳು.

"ಪರದೆ ಅಂಗಡಿಯವರು ಕಾಯಂ ಮಾಡ್ಕೋತೀವಿ ಅಂದ್ರು" ಎಂದಳು ಆಕೆ, ಕೈಯಲ್ಲಿದ್ದ ಬಟ್ಟೆ ಮಡಚುತ್ತ. "ನಾನೇ ಬೇಡ ಅಂದೆ. ನೀವು ಕರೆಯೋಕೆ ಬಂದಾಗ ಇಲ್ಲ ಅನ್ನಬೇಕಾಗುತ್ತಲ್ಲಾ ಅಂತ."

ಮಷೀನು ಮಾರಿ ಎಂದು ಎಷ್ಟು ಸಲ ಹೇಳಿದ್ದೆನೆಂದು ನೆನೆದು ಮೈದುನನಿಗೆ ನಾಚಿಕೆಯಾಯಿತು. ಅತ್ತಿಗೆಯ ಕಡೆ ತಿರುಗಿದ. ಎಲ್ಲದಕ್ಕೂ ಲೆಕ್ಕ ಹೇಳುವವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಕೊನೆಗೆ ಅವನೇ ಹೇಳಬೇಕಾಯಿತು:

"ನಾಳೆ ಬೆಳಿಗ್ಗೆ ಬನ್ನಿ ಅಕ್ಕಾ. ಕರೆಯೋಕೇ ಬಂದಿದ್ದೀವಿ."